ಹಾಜರಾತಿ ಯಂತ್ರದ ಪೆನ್‌ಡ್ರೈವ್ ಕಳೆದಿದೆ: ಫೋನಿನಲ್ಲಿ ಬೆರಳು ಅಳಿಸಿ ಮತ್ತೆ ಕೊಟ್ಟರೆ ಸಾಕೆ?

ಸವಿತಾ, ಆಲೂರು

ನಾನು ಹಾಸನ ಜಿಲ್ಲೆಯ ಒಂದು ಸಣ್ಣ ಸಹಕಾರ ಸಂಘದ ಕಚೇರಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ನಾವು ಒಟ್ಟು 23 ಜನ ಸಿಬ್ಬಂದಿ ಇದ್ದೇವೆ. ಬಾಗಿಲ ಪಕ್ಕದ ಗೋಡೆಯಲ್ಲಿ ಹೆಬ್ಬೆಟ್ಟು ಒತ್ತುವ ಹಾಜರಾತಿ ಯಂತ್ರವಿದೆ. ಕಳೆದ ತಿಂಗಳು ಅದರ ಪರದೆ ಕೆಟ್ಟಿದ್ದರಿಂದ, ಹೊಸ ಯಂತ್ರಕ್ಕೆ ವರ್ಗಾಯಿಸುವುದಾಗಿ ಹೇಳಿ ದುರಸ್ತಿಗೆ ಬಂದ ಹುಡುಗ ಎಲ್ಲರ ಮಾಹಿತಿಯನ್ನು ನಮ್ಮದೇ ಪೆನ್‌ಡ್ರೈವಿಗೆ ಇಳಿಸಿಕೊಂಡು ಹೋದ. ಹಾಸನದ ಬಸ್ಸಿನಲ್ಲಿ ಬ್ಯಾಗ್ ಕಳೆಯಿತೆಂದು ಮರುದಿನ ಫೋನ್ ಮಾಡಿ ಹೇಳಿದ.

ನನ್ನ ಬಲಗೈ ಹೆಬ್ಬೆಟ್ಟು ಮತ್ತು ತೋರುಬೆರಳು ಆ ಯಂತ್ರದಲ್ಲಿದ್ದವು. ಅದೇ ಬೆರಳುಗಳಿಂದ ಫೋನ್ ಮತ್ತು ಬ್ಯಾಂಕಿನ ಆ್ಯಪ್ ತೆರೆಯುತ್ತೇನೆ. ಭಯವಾಗಿ ಅಂದೇ ಫೋನಿನ ಸೆಟ್ಟಿಂಗ್ಸಿಗೆ ಹೋಗಿ ಎರಡೂ ಬೆರಳುಗಳನ್ನು ಅಳಿಸಿ, ಮತ್ತೆ ಹೊಸದಾಗಿ ಕೊಟ್ಟೆ. ಪಾಸ್‌ವರ್ಡ್ ಬದಲಿಸಿದಂತೆ ಇದೂ ಬದಲಾಯಿತು ಎಂದುಕೊಂಡಿದ್ದೆ. ನನ್ನ ತಮ್ಮ ಇದನ್ನು ಕೇಳಿ ನಕ್ಕುಬಿಟ್ಟ, ಆದರೆ ಏಕೆ ನಕ್ಕ ಎಂದು ಅವನಿಗೂ ಸರಿಯಾಗಿ ವಿವರಿಸಲು ಬರಲಿಲ್ಲ. ನಾನು ಮಾಡಿದ್ದರಿಂದ ಏನಾದರೂ ಪ್ರಯೋಜನವಾಗಿದೆಯೇ? ನನ್ನ ಬೆರಳಿನ ಗುರುತು ಫೋನ್ ಕಂಪನಿಯ ಬಳಿಯೂ ಒಂದು ಪ್ರತಿ ಇರುತ್ತದೆಯೇ?

ಹೇಮಾವತಿ ದಂಡೆ

ಸವಿತಾ ಅವರೇ, ಗಾಬರಿಯಾಗಬೇಡಿ. ಯಾವ ಯಂತ್ರವೂ ಬೆರಳಿನ ಫೋಟೋವನ್ನು ಹಾಗೆಯೇ ಇಟ್ಟುಕೊಳ್ಳುವುದಿಲ್ಲ. ಪಾಸ್‌ವರ್ಡನ್ನು ಹೇಗೆ ಹ್ಯಾಶ್ ಮಾಡಿ, ಅಂದರೆ ಮೂಲ ತಿಳಿಯದಂತಹ ಸಂಕೇತವಾಗಿ ಬದಲಿಸಿ ಇಡುತ್ತಾರೋ ಬೆರಳಚ್ಚನ್ನೂ ಹಾಗೆಯೇ ಹ್ಯಾಶ್ ಮಾಡಿ ಇಡುತ್ತಾರೆ. ಹ್ಯಾಶ್‌ನಿಂದ ಹಿಂದಕ್ಕೆ ಬರಲು ದಾರಿಯೇ ಇಲ್ಲ. ಇನ್ನು ಫೋನಿನಲ್ಲಿ ಬೆರಳಚ್ಚು ಇರುವುದು ಒಂದು ಪ್ರತ್ಯೇಕ ಚಿಪ್ಪಿನೊಳಗೆ, ಅದು ಎಲ್ಲಿಗೂ ಹೋಗುವುದಿಲ್ಲ. ಪೆನ್‌ಡ್ರೈವ್ ಸಿಕ್ಕವರು ಅದನ್ನು ಫಾರ್ಮ್ಯಾಟ್ ಮಾಡಿ ಹಾಡು ತುಂಬಿಸಿಕೊಂಡಿರುತ್ತಾರೆ.

ಕಾಡುಮನೆ, ಮೂಡಿಗೆರೆ

ಹಾಡು ತುಂಬಿಸಿಕೊಂಡಿರಬಹುದು ಎಂಬುದನ್ನು ಒಪ್ಪುತ್ತೇನೆ. ಫೋಟೋ ಇಡುವುದಿಲ್ಲ ಎಂಬುದು ಬಹುಮಟ್ಟಿಗೆ ಸರಿ. ಆದರೆ ಹ್ಯಾಶ್ ಎಂಬುದು ತಪ್ಪು, ಸವಿತಾ ಅವರ ಪ್ರಶ್ನೆಗೆ ಉತ್ತರವೂ ಆ ತಪ್ಪಿನಲ್ಲೇ ಅಡಗಿದೆ. ತೋಟ ನೋಡಿಕೊಳ್ಳಲು ಊರಿಗೆ ಮರಳುವ ಮುನ್ನ ಹನ್ನೊಂದು ವರ್ಷ ಬೆಂಗಳೂರಿನಲ್ಲಿ ಫೋನುಗಳ ಈ ಭಾಗದ ತಂತ್ರಾಂಶವನ್ನೇ ಬರೆಯುತ್ತಿದ್ದೆನಾದ್ದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಮನೆಯಲ್ಲಿ ಇಂಕ್ ಪ್ಯಾಡ್ ಇದ್ದರೆ ಒಂದು ಬಿಳಿ ಹಾಳೆಯ ಮೇಲೆ ಅದೇ ಹೆಬ್ಬೆಟ್ಟನ್ನು ಐದು ಸಲ ಒತ್ತಿ ನೋಡಿ. ಒಂದರಲ್ಲಿ ತುದಿ ಹೆಚ್ಚು ಬಿದ್ದಿರುತ್ತದೆ, ಒಂದು ಓರೆಯಾಗಿರುತ್ತದೆ, ಮತ್ತೊಂದರಲ್ಲಿ ಒತ್ತಡ ಹೆಚ್ಚಾಗಿ ಗೆರೆಗಳು ದಪ್ಪವಾಗಿ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಐದೂ ನಿಮ್ಮವೇ, ಆದರೆ ಯಾವ ಎರಡೂ ಒಂದೇ ಅಲ್ಲ. ಪಾಸ್‌ವರ್ಡ್ ಹಾಗಲ್ಲ, ನೀವು ಟೈಪ್ ಮಾಡಿದಾಗಲೆಲ್ಲ ಅದು ಅಕ್ಷರಶಃ ಅದೇ ಆಗಿರುತ್ತದೆ. ಹ್ಯಾಶ್‌ನ ಗುಣವೇನೆಂದರೆ ಒಳಗೆ ಹಾಕಿದ್ದರಲ್ಲಿ ಒಂದೇ ಒಂದು ಅಕ್ಷರ ಬೇರೆಯಾದರೂ ಹೊರಗೆ ಬರುವುದು ಪೂರ್ತಿ ಬೇರೆಯಾಗುತ್ತದೆ. ಆದ್ದರಿಂದ ಬೆರಳಚ್ಚನ್ನು ಹ್ಯಾಶ್ ಮಾಡಿ ಇಟ್ಟರೆ ನೀವು ಎರಡನೆಯ ಸಲ ಒತ್ತಿದಾಗಲೇ ಯಂತ್ರ ನಿಮ್ಮನ್ನು ಗುರುತಿಸುವುದಿಲ್ಲ.

ಹಾಗಾಗಿ ಯಂತ್ರ ಬೇರೆ ದಾರಿ ಹಿಡಿಯುತ್ತದೆ. ಗೆರೆಗಳು ಎಲ್ಲಿ ಮುಗಿಯುತ್ತವೆ, ಎಲ್ಲಿ ಕವಲೊಡೆಯುತ್ತವೆ, ಆ ಜಾಗದಲ್ಲಿ ಗೆರೆ ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬ ಕೆಲವು ಹತ್ತು ಬಿಂದುಗಳನ್ನು ಬರೆದಿಟ್ಟುಕೊಳ್ಳುತ್ತದೆ. ನಾವು ಇದನ್ನು ಟೆಂಪ್ಲೇಟ್ ಎನ್ನುತ್ತಿದ್ದೆವು. ನೀವು ಮತ್ತೆ ಒತ್ತಿದಾಗ ಹೊಸ ಬಿಂದುಗಳನ್ನು ಹಳೆಯ ಬಿಂದುಗಳ ಮೇಲಿಟ್ಟು, ತಿರುಗಿಸಿ, ಸರಿಸಿ, ಸಾಕಷ್ಟು ಹೊಂದುತ್ತವೆಯೇ ಎಂದು ನೋಡುತ್ತದೆ. ಈ "ಸಾಕಷ್ಟು" ಎಂಬ ಮಾತನ್ನು ಗಮನಿಸಿ. ಹೋಲಿಸಿ ನೋಡಬೇಕೆಂದರೆ ಹಳೆಯ ಬಿಂದುಗಳು ಹೋಲಿಕೆಯ ಹೊತ್ತಿನಲ್ಲಿ ತೆರೆದ ರೂಪದಲ್ಲಿ ಇರಲೇಬೇಕು. ಗೂಢಲಿಪಿಯಲ್ಲಿ ಬೀಗ ಹಾಕಿ ಇಡಬಹುದು, ಆದರೆ ಬೀಗ ತೆಗೆಯುವ ಕೀಲಿ ಆ ಯಂತ್ರದ ಕೈಯಲ್ಲೇ ಇರಬೇಕಾಗುತ್ತದೆ. ಪಾಸ್‌ವರ್ಡಿನ ಹ್ಯಾಶ್‌ಗೆ ಕೀಲಿಯೇ ಇಲ್ಲ, ವ್ಯತ್ಯಾಸ ಇರುವುದು ಅಲ್ಲಿಯೇ.

ಈಗ ನಿಮ್ಮ ತಮ್ಮ ನಕ್ಕಿದ್ದಕ್ಕೆ ಕಾರಣ. ನೀವು ಬೆರಳನ್ನು ಅಳಿಸಿ ಮತ್ತೆ ಕೊಟ್ಟಾಗ ಫೋನು ಅದೇ ಗೆರೆಗಳನ್ನು ಮತ್ತೊಮ್ಮೆ ಅಳೆದು ಮತ್ತೊಂದು ಟೆಂಪ್ಲೇಟ್ ಬರೆದುಕೊಂಡಿತು. ಕಳೆದುಹೋದ ಪೆನ್‌ಡ್ರೈವಿನಲ್ಲಿರುವುದೂ ಅವೇ ಗೆರೆಗಳ ಅಳತೆ. ಪಾಸ್‌ವರ್ಡ್ ನೀವು ಆರಿಸಿಕೊಂಡ ಗುಟ್ಟು, ಬೇಡವಾದರೆ ಬೇರೊಂದನ್ನು ಆರಿಸಬಹುದು. ಬೆರಳಿನ ಗೆರೆಗಳು ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಮೂಡಿದವು, ಮೇಲ್ಚರ್ಮ ತರಚಿದರೂ ಕೆಳಗಿನ ಪದರದಿಂದ ಅದೇ ವಿನ್ಯಾಸ ಮತ್ತೆ ಬರುತ್ತದೆ. 2015ರಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ಸಿಬ್ಬಂದಿ ನಿರ್ವಹಣಾ ಕಚೇರಿಯಿಂದ ಸುಮಾರು 56 ಲಕ್ಷ ಜನರ ಬೆರಳಚ್ಚುಗಳು ಕಳುವಾದವು. ಪಾಸ್‌ವರ್ಡ್ ಬದಲಿಸಿಕೊಳ್ಳಿ ಎಂದು ಹೇಳಬಹುದಿತ್ತು, ಬೆರಳುಗಳ ವಿಷಯದಲ್ಲಿ ಹಾಗೆ ಹೇಳಲು ಯಾವ ಮಾರ್ಗವೂ ಇರಲಿಲ್ಲ.

ರಂಗಸ್ವಾಮಿ, ಮಲ್ಲೇನಹಳ್ಳಿ

ಕಾಡುಮನೆಯವರ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ತಾಯಿಯವರು ಮೂವತ್ತು ವರ್ಷ ಕಾಫಿ ಹಣ್ಣು ಕೊಯ್ದವರು. ನ್ಯಾಯಬೆಲೆ ಅಂಗಡಿಯ ಯಂತ್ರದಲ್ಲಿ ಅವರ ಬೆರಳು ನಾಲ್ಕು ತಿಂಗಳು ಹೊಂದಲೇ ಇಲ್ಲ. ಚಿಕ್ಕಮಗಳೂರಿನ ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಬಯೋಮೆಟ್ರಿಕ್ ಅಪ್‌ಡೇಟ್ ಮಾಡಿಸಿದ ಮೇಲೆ ಸರಿಯಾಯಿತು. ಹಾಗಾದರೆ ಬೆರಳಚ್ಚನ್ನು ಬದಲಿಸಬಹುದು ಎಂದೇ ಆಯಿತಲ್ಲವೇ? ಸವಿತಾ ಅವರೂ ಆಧಾರ್ ಕೇಂದ್ರಕ್ಕೆ ಹೋಗಿ ಹೊಸದು ಮಾಡಿಸಿಕೊಳ್ಳಲಿ.

ಕಾಡುಮನೆ, ಮೂಡಿಗೆರೆ

ರಂಗಸ್ವಾಮಿಯವರೇ, ನಿಮ್ಮ ತಾಯಿಯವರ ಅನುಭವ ನಿಜ, ನಮ್ಮ ತೋಟದಲ್ಲೂ ಕೊಯ್ಲಿನ ಕಾಲದಲ್ಲಿ ಇದೇ ಗೋಳು. ಆದರೆ ಅಲ್ಲಿ ಆದದ್ದು ಬೇರೆ. ಹಳೆಯ ಚಿತ್ರ ಮಂಕಾಗಿತ್ತು ಅಥವಾ ಗೆರೆಗಳು ಸವೆದು ಆ ಚಿತ್ರಕ್ಕೆ ಹೊಂದುತ್ತಿರಲಿಲ್ಲ, ಕೇಂದ್ರದವರು ಅದೇ ಬೆರಳಿನ ಇಂದಿನ ಚಿತ್ರವನ್ನು ತೆಗೆದಿಟ್ಟರು. ಹಳೆಯ ಪಾಸ್‌ಪೋರ್ಟ್ ಫೋಟೋ ತೆಗೆದು ಈಗಿನ ಫೋಟೋ ಅಂಟಿಸಿದಂತೆ. ಮುಖ ಬದಲಾಗುವುದಿಲ್ಲ. ನಿಮ್ಮ ತೊಂದರೆ ಯಂತ್ರ ಗುರುತಿಸದಿರುವುದು, ಸವಿತಾ ಅವರ ತೊಂದರೆ ಯಂತ್ರ ಬೇರೆಯವರನ್ನು ಅವರೆಂದು ಗುರುತಿಸಿಬಿಡಬಹುದು ಎಂಬುದು. ಅಪ್‌ಡೇಟ್ ಮಾಡಿಸಿದರೆ ಚಿತ್ರ ಇನ್ನಷ್ಟು ಸ್ಪಷ್ಟವಾಗುತ್ತದೆ, ಅಷ್ಟರಿಂದ ಸೋರಿದ್ದು ಕೆಲಸಕ್ಕೆ ಬಾರದಂತಾಗುವುದಿಲ್ಲ.

ನವೀನ್, ಹಾಸನ

ನಾನು ಎಂಜಿನಿಯರಿಂಗ್ ಮೂರನೆಯ ವರ್ಷದ ವಿದ್ಯಾರ್ಥಿ. ಸವಿತಾ ಮೇಡಂ ಕೇಳಿದ ಎರಡನೆಯ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ನಾನು ಈಚೆಗೆ ಫೋನ್ ಬದಲಿಸಿದೆ. ಹಳೆಯ ಫೋನಿನ ಫೋಟೋ, ಸಂಪರ್ಕಗಳು, ವೈಫೈ ಪಾಸ್‌ವರ್ಡ್ ಕೂಡ ಬ್ಯಾಕಪ್‌ನಿಂದ ಹೊಸದಕ್ಕೆ ಬಂದವು, ಬೆರಳಚ್ಚು ಮಾತ್ರ ಬರಲಿಲ್ಲ, ಮತ್ತೆ ಕೊಡಬೇಕಾಯಿತು. ಇದರಿಂದ ಕಂಪನಿಯ ಸರ್ವರಿನಲ್ಲಿ ಅದು ಇಲ್ಲ ಎಂದು ಹೇಳಬಹುದೇ?

ಮತ್ತೊಂದು ವಿಚಿತ್ರ. ಅಮ್ಮನ ಬೆರಳನ್ನೂ ನನ್ನ ಫೋನಿಗೆ ಸೇರಿಸಿದೆ. ಆಮೇಲೆ ಬ್ಯಾಂಕಿನ ಆ್ಯಪ್ ನನ್ನ ಬೆರಳನ್ನೇ ಒಪ್ಪದೆ ಪಾಸ್‌ವರ್ಡ್ ಹಾಕಿ ಎಂದಿತು. ನನ್ನ ಬೆರಳು ಅಲ್ಲೇ ಇದ್ದರೂ ಹೀಗೇಕೆ?

ಕಾಡುಮನೆ, ಮೂಡಿಗೆರೆ

ನವೀನ್, ನೀವು ಗಮನಿಸಿದ ಎರಡೂ ಸಂಗತಿಗಳು ಒಳಗಿನ ಏರ್ಪಾಡನ್ನು ಹೊರಗಿನಿಂದಲೇ ತೋರಿಸುತ್ತವೆ.

ಆಂಡ್ರಾಯ್ಡ್ ಫೋನಿನಲ್ಲಿ ಒಂದೇ ಪ್ರೊಸೆಸರ್ ಎರಡು ಮನೆಗಳಾಗಿ ಕೆಲಸ ಮಾಡುತ್ತದೆ ಎಂದುಕೊಳ್ಳಿ. ಆ್ಯಪ್‌ಗಳು, ಪರದೆ, ಆಂಡ್ರಾಯ್ಡ್ ಎಲ್ಲವೂ ದೊಡ್ಡ ಮನೆಯಲ್ಲಿ. ಪಕ್ಕದಲ್ಲಿ ಒಂದು ಪುಟ್ಟ ಮನೆ, ಅದಕ್ಕೆ ತನ್ನದೇ ಪುಟ್ಟ ಕಾರ್ಯಾಚರಣ ವ್ಯವಸ್ಥೆ, ತನ್ನದೇ ಮೆಮೊರಿ. ಬೆರಳಿಡುವ ಸೆನ್ಸರಿನ ತಂತಿ ನೇರವಾಗಿ ಈ ಪುಟ್ಟ ಮನೆಗೆ ಹೋಗುತ್ತದೆ. ಚಿತ್ರ ಬರುವುದು, ಬಿಂದುಗಳನ್ನು ಹುಡುಕುವುದು, ಹಳೆಯದರೊಂದಿಗೆ ಹೋಲಿಸುವುದು ಎಲ್ಲವೂ ಅಲ್ಲೇ ನಡೆದು, ದೊಡ್ಡ ಮನೆಗೆ ಹೊಂದಿತು ಎಂಬ ಉತ್ತರ ಮಾತ್ರ ಒಂದು ಮುದ್ರೆ ಒತ್ತಿದ ಚೀಟಿಯಾಗಿ ಬರುತ್ತದೆ. ಬ್ಯಾಂಕಿನ ಆ್ಯಪ್‌ಗೆ ನಿಮ್ಮ ಬೆರಳು ಕಾಣುವುದೇ ಇಲ್ಲ. ಆ ಚೀಟಿ ಸರಿಯಿದ್ದರೆ ಫೋನು ಆ ಆ್ಯಪ್‌ಗಾಗಿ ಮೊದಲೇ ಕೂಡಿಟ್ಟ ಒಂದು ಕೀಲಿಯನ್ನು ಬಳಸಲು ಬಿಡುತ್ತದೆ. ಹೊಸ ಬೆರಳು ಸೇರಿದ ಕೂಡಲೇ ಆ ಕೀಲಿ ಶಾಶ್ವತವಾಗಿ ಸಾಯುವಂತೆ ಮಾಡಿರುತ್ತಾರೆ, ಏಕೆಂದರೆ ನಿಮ್ಮ ಪಿನ್ ಗೊತ್ತಿರುವ ಯಾರೋ ತಮ್ಮ ಬೆರಳನ್ನು ಸೇರಿಸಿ ಬ್ಯಾಂಕಿನ ಆ್ಯಪ್ ತೆರೆಯಬಾರದು. ನಿಮ್ಮ ಅಮ್ಮನ ಬೆರಳು ಸೇರಿದಾಗ ಆದದ್ದು ಅದೇ. ಸವಿತಾ ಅವರೇ, ಬೆರಳು ಅಳಿಸಿ ಮತ್ತೆ ಕೊಟ್ಟ ದಿನ ನಿಮ್ಮ ಆ್ಯಪ್ ಕೂಡ ಪಾಸ್‌ವರ್ಡ್ ಕೇಳಿರಬೇಕು. ಅಂದು ನಿಜವಾಗಿ ಬದಲಾದದ್ದು ಆ ಕೀಲಿ ಮಾತ್ರ.

ಇನ್ನು ಹೇಮಾವತಿ ದಂಡೆಯವರು ಹೇಳಿದ ಚಿಪ್ಪಿನ ಮಾತು ಅರ್ಧ ಸರಿ. ಟೆಂಪ್ಲೇಟಿನ ಕಡತ ಸಾಮಾನ್ಯವಾಗಿ ಬಿದ್ದಿರುವುದು ಫೋಟೋಗಳಿರುವ ಅದೇ ಸಾಧಾರಣ ಸಂಗ್ರಹದಲ್ಲಿ. ಅನೇಕ ಆಂಡ್ರಾಯ್ಡ್ ಫೋನುಗಳಲ್ಲಿ ಅದರ ವಿಳಾಸ ಇದು:

```
/data/vendor_de/0/fpdata/
```

ಆದರೆ ಅದು ಗೂಢಲಿಪಿಯಲ್ಲಿರುತ್ತದೆ, ಬಿಡಿಸುವ ಕೀಲಿ ಆ ಒಂದು ಫೋನಿನ ಚಿಪ್ಪಿಗೇ ಅಂಟಿಕೊಂಡಿರುತ್ತದೆ. ಕಡತವನ್ನು ಕದ್ದು ಅದೇ ಮಾದರಿಯ ಬೇರೆ ಫೋನಿಗೆ ಹಾಕಿದರೂ ಅದು ಬರೀ ಕಸ. ಬ್ಯಾಕಪ್‌ನಲ್ಲಿ ಬೆರಳು ಬರದಿರುವುದಕ್ಕೂ ಇದೇ ಕಾರಣ, ಬಂದರೂ ಬಿಡಿಸಲಾಗದು. ಐಫೋನಿನಲ್ಲಿ 2013ರ 5ಎಸ್ ಮಾದರಿಯಿಂದ ಪುಟ್ಟ ಮನೆಯ ಜಾಗದಲ್ಲಿ ಸೆಕ್ಯೂರ್ ಎನ್‌ಕ್ಲೇವ್ ಎಂಬ ಬೇರೆಯದೇ ಪ್ರೊಸೆಸರ್ ಇದೆ, ತತ್ವ ಒಂದೇ.

ಎಲ್ಲ ಫೋನುಗಳೂ ಯಾವಾಗಲೂ ಹೀಗೇ ಇದ್ದವು ಎಂದು ಹೇಳಲಾರೆ. 2015ರಲ್ಲಿ ಸಂಶೋಧಕರು ಎಚ್‌ಟಿಸಿ ಒನ್ ಮ್ಯಾಕ್ಸ್ ಫೋನನ್ನು ಪರೀಕ್ಷಿಸಿದಾಗ ಬೆರಳಿನ ಪೂರ್ತಿ ಚಿತ್ರ `/data/dbgraw.bmp` ಎಂಬ ಕಡತದಲ್ಲಿ, ಯಾವ ಆ್ಯಪ್ ಬೇಕಾದರೂ ಓದುವಂತೆ ಬಿದ್ದಿತ್ತು. ಹೆಸರು ನೋಡಿದರೆ ಪರೀಕ್ಷೆಗೆಂದು ಬರೆದ ಸಾಲನ್ನು ಯಾರೋ ತೆಗೆಯಲು ಮರೆತಂತಿದೆ, ನಾನೂ ಅಂತಹ ಸಾಲುಗಳನ್ನು ಬರೆದವನೇ. ಅದೇ ವರ್ಷ ಬಂದ ಆಂಡ್ರಾಯ್ಡ್ 6ರಿಂದ ನಿಯಮ ಬಿಗಿಯಾಯಿತು.

ಹೇಮಾವತಿ ದಂಡೆ

ಹ್ಯಾಶ್ ವಿಷಯದಲ್ಲಿ ನನ್ನದು ತಪ್ಪಾಗಿತ್ತು, ತಿದ್ದಿಕೊಂಡೆ. ಆದರೆ ನನ್ನ ಮುಖ್ಯ ಮಾತು ಉಳಿದೇ ಇದೆ. ಪೆನ್‌ಡ್ರೈವಿನಲ್ಲಿ ಬರೀ ಬಿಂದುಗಳ ಪಟ್ಟಿ ಇದ್ದರೆ ಅದರಿಂದ ಬೆರಳು ಮಾಡುವುದು ಹೇಗೆ?

ಕಾಡುಮನೆ, ಮೂಡಿಗೆರೆ

ಬಿಂದುಗಳಿಂದ ಗೆರೆಗಳ ಚಿತ್ರವನ್ನು ಮತ್ತೆ ಕಟ್ಟಬಹುದು ಎಂಬುದನ್ನು 2007ರ ಹೊತ್ತಿಗೇ ಸಂಶೋಧಕರು ತೋರಿಸಿದ್ದಾರೆ. ಬಿಂದುಗಳ ದಿಕ್ಕಿನಿಂದ ಗೆರೆಗಳ ಹರಿವನ್ನು ಊಹಿಸಿ, ಮಧ್ಯದ ಜಾಗವನ್ನು ತುಂಬುತ್ತಾರೆ. ಮೂಲ ಬೆರಳಿನ ಪಡಿಯಚ್ಚು ಬರುವುದಿಲ್ಲ, ಆದರೆ ಯಂತ್ರ ನೋಡುವುದೂ ಆ ಬಿಂದುಗಳನ್ನೇ ಆದ್ದರಿಂದ ಅದನ್ನು ಒಪ್ಪಿಸಲು ಅಷ್ಟು ಸಾಕಾಗುತ್ತದೆ. ಇಷ್ಟಾಗಿಯೂ ಬಸ್ಸಿನಲ್ಲಿ ಬ್ಯಾಗ್ ಎತ್ತಿಕೊಂಡವನು ಇದನ್ನು ಮಾಡುತ್ತಾನೆ ಎಂದು ನಾನು ಹೇಳುತ್ತಿಲ್ಲ.

ಸವಿತಾ ಅವರೇ, ಪೆನ್‌ಡ್ರೈವಿಗೆ ಯಾವ ಕಡತಗಳು ಇಳಿದವು ಎಂದು ನೆನಪಿದೆಯೇ?

ಸವಿತಾ, ಆಲೂರು

ಹಳೆಯ ಯಂತ್ರ ಇನ್ನೂ ಗೋಡೆಯ ಮೇಲಿದೆ. ಇಂದು ಬೆಳಿಗ್ಗೆ ಬೇರೆ ಪೆನ್‌ಡ್ರೈವ್ ಹಾಕಿ, ಪರದೆಯ ಅರ್ಧ ಮಾತ್ರ ಕಾಣುತ್ತಿದ್ದರೂ ಅದೇ ಕ್ರಮದಲ್ಲಿ ಒತ್ತಿ ನೋಡಿದೆ. `user.dat` ಮತ್ತು `template.fp10` ಎಂಬ ಎರಡು ಕಡತಗಳು ಬಂದವು. ಯಂತ್ರ ಯಾವ ಪಾಸ್‌ವರ್ಡನ್ನೂ ಕೇಳಲಿಲ್ಲ. ಮೊದಲ ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಅರ್ಥವಾಗದ ಗುರುತುಗಳ ನಡುವೆ ನಮ್ಮೆಲ್ಲರ ಹೆಸರುಗಳು ಸ್ಪಷ್ಟವಾಗಿ ಕಂಡವು.

ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿ ನೆನಪಾಗಿ ಕೈಕಾಲು ತಣ್ಣಗಾಯಿತು. ಕಳೆದ ಪೆನ್‌ಡ್ರೈವ್ ಕಚೇರಿಯದು. ಭವಿಷ್ಯನಿಧಿ ಕೆಲಸಕ್ಕಾಗಿ ನಾನೇ ತಯಾರಿಸಿದ ಪಟ್ಟಿಯೂ ಅದರಲ್ಲಿತ್ತು: ಹೆಸರು, ಆಧಾರ್ ಸಂಖ್ಯೆ, ಬ್ಯಾಂಕ್ ಹೆಸರು, ಖಾತೆ ಸಂಖ್ಯೆ.

ನಿವೃತ್ತ ಕ್ಯಾಷಿಯರ್, ಚಿಕ್ಕಮಗಳೂರು

ಇಷ್ಟು ದಿನ ಓದುತ್ತಾ ಸುಮ್ಮನಿದ್ದೆ, ಈಗ ಹೇಳಬೇಕಾಯಿತು. ನೀವೆಲ್ಲ ಫೋನಿನ ಬಗ್ಗೆ ಯೋಚಿಸುತ್ತಿದ್ದೀರಿ. ಫೋನು ತೆರೆಯಬೇಕಾದರೆ ಕಳ್ಳನ ಕೈಯಲ್ಲಿ ಸವಿತಾ ಅವರ ಫೋನೇ ಇರಬೇಕು. ಹಳ್ಳಿಯ ಗ್ರಾಹಕ ಸೇವಾ ಕೇಂದ್ರದಲ್ಲಿ ಆಧಾರ್ ಮೂಲಕ ಹಣ ತೆಗೆಯುವ ಪುಟ್ಟ ಯಂತ್ರಕ್ಕೆ ಬೇಕಾದದ್ದು ಮೂರೇ: ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳು. ಒಟಿಪಿ ಇಲ್ಲ, ಪಿನ್ ಇಲ್ಲ. ಒಂದು ಸಲಕ್ಕೆ ಹೆಚ್ಚೆಂದರೆ 10,000 ರೂಪಾಯಿ. 2023ರಲ್ಲಿ ಬೆಂಗಳೂರು, ಮಂಗಳೂರು ಕಡೆ ಆಸ್ತಿ ನೋಂದಣಿ ಮಾಡಿಸಿದವರ ಖಾತೆಗಳಿಂದ ಹಣ ಹೋದದ್ದು ಈ ದಾರಿಯಲ್ಲೇ. ನೋಂದಣಿ ಪತ್ರದಲ್ಲಿ ಹೆಬ್ಬೆಟ್ಟಿನ ಗುರುತೂ ಆಧಾರ್ ಸಂಖ್ಯೆಯೂ ಒಟ್ಟಿಗೆ ಇದ್ದವು.

ಸವಿತಾ ಮೇಡಂ, 23 ಜನರೂ ಇಂದೇ ಆಧಾರ್‌ನ ಬಯೋಮೆಟ್ರಿಕ್ ಲಾಕ್ ಮಾಡಿಕೊಳ್ಳಿ. ಎಂಆಧಾರ್ ಆ್ಯಪ್‌ನಲ್ಲಿ ಇದೆ, ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆ ಇದ್ದರೆ ಸಾಕು. ಬೆರಳನ್ನು ಬದಲಿಸಲಾಗದಿದ್ದರೆ ಬೆರಳನ್ನು ಒಪ್ಪುವ ಬಾಗಿಲನ್ನು ಮುಚ್ಚಬೇಕು.

ಕಾಡುಮನೆ, ಮೂಡಿಗೆರೆ

ಕ್ಯಾಷಿಯರ್ ಸರ್ ಹೇಳಿದ್ದೇ ಮೊದಲು ಮಾಡಬೇಕಾದ ಕೆಲಸ. ನಾನು ಫೋನಿನವನಾದ್ದರಿಂದ ಫೋನಿನಲ್ಲೇ ಸುತ್ತುತ್ತಿದ್ದೆ.

ಒಂದು ಮಾತು ಸೇರಿಸುತ್ತೇನೆ. ಆ ಪ್ರಕರಣಗಳಲ್ಲಿ ಕಳ್ಳರ ಕೈಗೆ ಸಿಕ್ಕಿದ್ದು ಕಾಗದದ ಮೇಲಿನ ಪೂರ್ತಿ ಚಿತ್ರ, ನಿಮ್ಮ `template.fp10`ನಲ್ಲಿರುವುದು ತಯಾರಕರ ಸ್ವಂತ ವಿನ್ಯಾಸದ ಬಿಂದುಗಳು. ಅದರಿಂದ ಸಿಲಿಕೋನಿನ ನಕಲಿ ಹೆಬ್ಬೆಟ್ಟಿನವರೆಗೆ ಹೋಗಲು ಪರಿಣತಿ ಬೇಕು. ಬೆರಳು ಜೀವಂತವೇ ಎಂದು ನೋಡುವ ಪರೀಕ್ಷೆಗಳನ್ನೂ ಆಧಾರ್‌ನವರು 2023ರಿಂದ ಸೇರಿಸಿದ್ದಾರೆ. ಆದ್ದರಿಂದ ಅಪಾಯ ಸಣ್ಣದು ಎಂದೇ ನನ್ನ ಅಂದಾಜು.

ನಿವೃತ್ತ ಕ್ಯಾಷಿಯರ್, ಚಿಕ್ಕಮಗಳೂರು

ಇಂದು ಸಣ್ಣದಿರಬಹುದು. ಆ ಕಡತ ಹತ್ತು ವರ್ಷದ ನಂತರವೂ ಹಾಗೆಯೇ ಇರುತ್ತದೆ, ಬೆರಳೂ ಹಾಗೆಯೇ ಇರುತ್ತದೆ, ಅದನ್ನು ಬಿಡಿಸುವ ಉಪಕರಣ ಮಾತ್ರ ಅಗ್ಗವಾಗುತ್ತಾ ಹೋಗುತ್ತದೆ. ನಿಮ್ಮ ಅಂದಾಜನ್ನು ನಾನು ಒಪ್ಪಲಾರೆ.

ನವೀನ್, ಹಾಸನ

ಬಿಂದುಗಳನ್ನು ಇಡುವ ಮೊದಲೇ ಒಂದು ಗುಟ್ಟಿನ ಸೂತ್ರದಿಂದ ಕಲಸಿಬಿಟ್ಟು, ಸೋರಿದರೆ ಸೂತ್ರವನ್ನೇ ಬದಲಿಸಿದರೆ ಆಗುವುದಿಲ್ಲವೇ? ಆಗ ಬೆರಳಚ್ಚನ್ನೂ ರದ್ದುಪಡಿಸಿದಂತೆ ಆಗುತ್ತದಲ್ಲ.

ಕಾಡುಮನೆ, ಮೂಡಿಗೆರೆ

ಒಳ್ಳೆಯ ಯೋಚನೆ, 2001ರಲ್ಲೇ ಐಬಿಎಂನ ಸಂಶೋಧಕರು ಇದನ್ನು ಮುಂದಿಟ್ಟಿದ್ದಾರೆ. ಕಲಸಿದ ಮೇಲೂ ಓರೆಯಾಗಿ ಒತ್ತಿದ ಬೆರಳು ಹೊಂದಬೇಕು, ಆದರೆ ಕಲಸಿದ್ದರಿಂದ ಮೂಲ ತಿಳಿಯಬಾರದು. ಒಂದನ್ನು ಬಿಗಿ ಮಾಡಿದರೆ ಇನ್ನೊಂದು ಸಡಿಲವಾಗುತ್ತದೆ. ಗೋಡೆಯ ಮೇಲಿನ ಅಗ್ಗದ ಯಂತ್ರದಲ್ಲಿ ನಾನು ಇದನ್ನು ಕಂಡಿಲ್ಲ. ಕಂಡರೂ, ಗೆರೆಗಳ ಚಿತ್ರವೇ ಬೇರೆ ಕಡೆಯಿಂದ ಹೊರಬಿದ್ದಿದ್ದರೆ ಸೂತ್ರ ಬದಲಿಸಿ ಫಲವಿಲ್ಲ, ಆ ಚಿತ್ರದಿಂದ ಮಾಡಿದ ಬೆರಳನ್ನು ಹೊಸ ಸೂತ್ರವೂ ಒಪ್ಪುತ್ತದೆ.

ಸವಿತಾ, ಆಲೂರು

ಎಲ್ಲರಿಗೂ ಧನ್ಯವಾದಗಳು. 23ರಲ್ಲಿ 19 ಜನರ ಬಯೋಮೆಟ್ರಿಕ್ ಲಾಕ್ ಮಾಡಿಸಿದ್ದೇನೆ. ಉಳಿದ ನಾಲ್ವರ ಆಧಾರ್‌ಗೆ ಈಗಿನ ಮೊಬೈಲ್ ಸಂಖ್ಯೆ ಜೋಡಣೆಯಾಗಿಲ್ಲ, ಅವರು ಸೋಮವಾರ ಕೇಂದ್ರಕ್ಕೆ ಹೋಗುತ್ತಾರೆ. ಫೋನಿನಲ್ಲಿ ಎಡಗೈಯ ಉಂಗುರಬೆರಳನ್ನು ಮಾತ್ರ ಇಟ್ಟುಕೊಂಡಿದ್ದೇನೆ. ಹಳೆಯ ಯಂತ್ರದಿಂದ ಎಲ್ಲರ ಬೆರಳುಗಳನ್ನೂ ಅಳಿಸಿ, ಕಾರ್ಡ್ ತೋರಿಸುವ ಯಂತ್ರ ಹಾಕಿಸುವಂತೆ ಕಾರ್ಯದರ್ಶಿಯವರಿಗೆ ಪತ್ರ ಕೊಟ್ಟಿದ್ದೇನೆ. ಯಂತ್ರ ಕೊಟ್ಟವರ ಕಂಪ್ಯೂಟರಿನಲ್ಲಿ ಇನ್ನೊಂದು ಪ್ರತಿ ಇದೆಯೇ ಎಂದು ಕೇಳಿದ್ದಕ್ಕೆ ಅವರು ಇನ್ನೂ ಉತ್ತರಿಸಿಲ್ಲ.

ನಿನ್ನೆ ನಮ್ಮ ಜವಾನರು ನ್ಯಾಯಬೆಲೆ ಅಂಗಡಿಗೆ ಹೋಗಿ ಬೆರಳಿಟ್ಟರೆ 330 ಎಂಬ ಸಂಖ್ಯೆ ಬಂದು ಅಕ್ಕಿ ಸಿಗದೆ ಬರಿಗೈಯಲ್ಲಿ ಬಂದರು. ಇದನ್ನು ಹೇಗೆ ಸರಿಪಡಿಸುವುದು?

ನಿವೃತ್ತ ಕ್ಯಾಷಿಯರ್, ಚಿಕ್ಕಮಗಳೂರು

330 ಎಂದರೆ ಬಯೋಮೆಟ್ರಿಕ್ ಲಾಕ್ ಆಗಿದೆ ಎಂದರ್ಥ, ಲಾಕ್ ಕೆಲಸ ಮಾಡುತ್ತಿದೆ. ಅಂಗಡಿಯ ಸರದಿಯಲ್ಲಿ ತಮ್ಮ ಮುಂದೆ ಒಬ್ಬರೇ ಉಳಿದಾಗ ಆ್ಯಪ್‌ನಲ್ಲಿ ತಾತ್ಕಾಲಿಕವಾಗಿ ತೆರೆಯಲು ಹೇಳಿ. ಹತ್ತು ನಿಮಿಷ ತೆರೆದಿದ್ದು ತಾನೇ ಮುಚ್ಚಿಕೊಳ್ಳುತ್ತದೆ.